ಟಾರ್ಪಾಲು ಸೀಳಿ ಮಾಲು ಕದ್ದರೆ ಲಾರಿ ಮಾಲೀಕ ಎಷ್ಟು ಕಟ್ಟಬೇಕು?

ಪ್ರಶ್ನೆ: ನನ್ನದೇ ಎಲ್‌ಆರ್, ಅಂದರೆ ಲಾರಿ ರಸೀದಿ, ಕೊಟ್ಟು 14 ಲಕ್ಷ ರೂಪಾಯಿಯ ಬಟ್ಟೆ ಬೇಲ್ ಲೋಡ್ ಮಾಡಿಸಿದ್ದೆ. ಬಾಡಿಗೆ 42,000. ರಾತ್ರಿ ಡ್ರೈವರ್ ಮಲಗಿದ್ದಾಗ ಟಾರ್ಪಾಲು ಸೀಳಿ 5 ಲಕ್ಷದ ಮಾಲು ಕದ್ದಿದ್ದಾರೆ. ಎಲ್‌ಆರ್ ಮೇಲೆ ‘ಓನರ್ಸ್ ರಿಸ್ಕ್’, ಅಂದರೆ ನಷ್ಟವಾದರೆ ಮಾಲಿನ ಒಡೆಯನದೇ ಹೊಣೆ, ಅಂತ ಅಚ್ಚಾಗಿದೆ, ಲಾರಿಗೆ ಫುಲ್ ಇನ್ಶೂರೆನ್ಸ್ ಇದೆ. ಆದರೂ ನಾನೇ ಕಟ್ಟಬೇಕಾ?

ಉತ್ತರ: ಕಟ್ಟಬೇಕಾಗುತ್ತದೆ, ಆದರೆ ಬಹುಶಃ ಪೂರ್ತಿ 5 ಲಕ್ಷವಲ್ಲ. ಎಲ್‌ಆರ್ ನಿಮ್ಮದೇ ಆದ್ದರಿಂದ 2007ರ ರಸ್ತೆ ಸಾಗಣೆ ಕಾಯ್ದೆಯಡಿ ಕ್ಯಾರಿಯರ್, ಅಂದರೆ ಮಾಲಿಗೆ ಹೊಣೆಯಾದ ಸಾಗಣೆದಾರ, ನೀವೇ. ಟ್ರಾನ್ಸ್‌ಪೋರ್ಟ್ ಕಂಪನಿಯ ಎಲ್‌ಆರ್ ಆಗಿದ್ದರೆ ಗಿರಾಕಿ ಮೊದಲು ಅವರನ್ನು ಹಿಡಿಯುತ್ತಿದ್ದ, ಅವರು ನಿಮ್ಮ ಬಾಕಿ ಬಾಡಿಗೆಯಲ್ಲಿ ಮುರಿದುಕೊಳ್ಳುತ್ತಿದ್ದರು. ನಿಮ್ಮ ಕಡೆಯ ತಪ್ಪನ್ನು ಗಿರಾಕಿ ಸಾಬೀತು ಮಾಡಬೇಕಿಲ್ಲ. ಯುದ್ಧ, ಗಲಭೆ, ಪ್ರಕೃತಿ ವಿಕೋಪದಂಥ ಕೆಲವೇ ಕಾರಣಗಳಿಗೆ ವಿನಾಯಿತಿ ಇದೆ, ಕಳ್ಳತನ ಅದರಲ್ಲಿಲ್ಲ. ‘ಓನರ್ಸ್ ರಿಸ್ಕ್’ ಅಚ್ಚು ನಿಮ್ಮ ಅಜಾಗರೂಕತೆಯನ್ನು ಮುಚ್ಚುವುದಿಲ್ಲ.

ನಿಮ್ಮನ್ನು ಕಾಯುವುದು 2011ರ ನಿಯಮಗಳು. ಅವುಗಳ ಪ್ರಕಾರ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ, ಅದೂ ಮಾಲು ಒಪ್ಪಿಸುವಾಗ ಗಿರಾಕಿ ಬರೆದುಕೊಡುವ ಗೂಡ್ಸ್ ಫಾರ್ವರ್ಡಿಂಗ್ ನೋಟಿನಲ್ಲಿ ಘೋಷಿಸಿದ ಬೆಲೆಯನ್ನು ಮೀರುವಂತಿಲ್ಲ. ಅಂದರೆ 4,20,000 ರೂಪಾಯಿ. ಗಿರಾಕಿ ಹೆಚ್ಚಿನ ರಿಸ್ಕ್ ದರ ಕೊಡಲು ಒಪ್ಪಿದ್ದರೆ ಈ ಮಿತಿ ಅನ್ವಯಿಸದು. ಕಳ್ಳತನದಲ್ಲಿ ಡ್ರೈವರ್ ಶಾಮೀಲಾಗಿದ್ದರಂತೂ ಈ ಮಿತಿಯನ್ನು ನೆಚ್ಚಿಕೊಂಡು ಕೂರಬೇಡಿ. ಬಾಡಿಗೆ ಬರೆಯದ ಎಲ್‌ಆರ್ ಬಹಳ ಓಡಾಡುತ್ತವೆ. ಅಂಥದ್ದರಲ್ಲಿ ಹತ್ತು ಪಟ್ಟು ಯಾವುದರ ಮೇಲೆ ಎಂಬುದೇ ಜಗಳವಾಗುತ್ತದೆ.

ಲಾರಿಯ ಫುಲ್ ಇನ್ಶೂರೆನ್ಸ್ ಇದಕ್ಕೆ ಕೊಡುವುದಿಲ್ಲ. ಲಾರಿಯಲ್ಲಿ ಸಾಗಿಸುತ್ತಿರುವ ಮಾಲನ್ನು ಅದರ ಥರ್ಡ್ ಪಾರ್ಟಿ ಭಾಗದಿಂದ ಹೊರಗಿಟ್ಟಿದ್ದಾರೆ. ಬೇಕಾದದ್ದು ಕ್ಯಾರಿಯರ್ಸ್ ಲೀಗಲ್ ಲಯಬಿಲಿಟಿ ಎಂಬ ಪ್ರತ್ಯೇಕ ಪಾಲಿಸಿ. ಅದನ್ನು ಕೊಳ್ಳುವಾಗ ಕಳ್ಳತನದ ಷರತ್ತನ್ನೇ ಮೊದಲು ಓದಿ. ಕೆಲವು ಪಾಲಿಸಿ ಅಪಘಾತ, ಬೆಂಕಿಗಷ್ಟೇ ಕೊಡುತ್ತವೆ. ಕೆಲವು ಕಾವಲಿಲ್ಲದೆ ನಿಂತ ಲಾರಿಯ ಕಳವನ್ನು ಒಪ್ಪುವುದಿಲ್ಲ. ನಿಮ್ಮ ಡ್ರೈವರ್ ಮಲಗಿದ್ದದ್ದು ಕ್ಯಾಬಿನ್ನಿನಲ್ಲೋ ಲಾಡ್ಜಿನಲ್ಲೋ ಎಂಬುದರ ಮೇಲೆಯೇ ಕ್ಲೈಮ್ ನಿಲ್ಲಬಹುದು.

ಈಗ ಸೀಳಿದ ಟಾರ್ಪಾಲನ್ನು ಹೊಲಿಸಬೇಡಿ. ಸೀಳಿದ ಅಂಚು, ಹಗ್ಗದ ಗಂಟು, ಒಳಗೆ ಬರಿದಾದ ಜಾಗ, ಇಷ್ಟರ ಫೋಟೊ ತೆಗೆದು, ಕಳುವಾದ ಊರಿನ ಠಾಣೆಯಲ್ಲೇ ಎಫ್‌ಐಆರ್ ಮಾಡಿಸಿ. ಬೇಲ್ ನಂಬರ್‌ಗಳನ್ನು ಇನ್‌ವಾಯ್ಸ್ ನೋಡಿ ಅದರಲ್ಲಿ ಬರೆಸಿ. ಇಳಿಸುವ ಕಡೆ ಉಳಿದದ್ದನ್ನು ಎಣಿಸಿ, ಕೊರತೆಯನ್ನು ಎಲ್‌ಆರ್ ಮೇಲೆ ಬರೆಸಿ ಸಹಿ ತಗೊಳ್ಳಿ, ಇಲ್ಲದಿದ್ದರೆ ಮುಂದೆ 5 ಲಕ್ಷ 6 ಆಗುತ್ತದೆ. ಲಯಬಿಲಿಟಿ ಪಾಲಿಸಿ ಇದ್ದರೆ ವಿಮೆಯವರಿಗೆ ತಿಳಿಸುವ ಮುಂಚೆ ‘ನಾನೇ ಕೊಡುತ್ತೇನೆ’ ಎಂದು ಬರೆದುಕೊಡಬೇಡಿ.

ಗಿರಾಕಿಗೆ ಮಾಲಿನ ವಿಮೆ ಇದ್ದರೆ ನಿಶ್ಚಿಂತೆ ಎಂದುಕೊಳ್ಳುವವರಿದ್ದಾರೆ. ಅವನಿಗೆ ಹಣ ಕೊಟ್ಟ ವಿಮಾ ಕಂಪನಿ ಅವನ ಹಕ್ಕು ಪಡೆದು ನಿಮ್ಮ ಮೇಲೆ ಬರುತ್ತದೆ. ದಾವೆ ಹೂಡುವ ಮುಂಚೆ, ಬುಕಿಂಗ್ ಆದ ದಿನದಿಂದ 180 ದಿನದೊಳಗೆ, ನಿಮಗೆ ಲಿಖಿತ ನೋಟಿಸ್ ಬರಬೇಕು. ಹಾಗಾಗಿ ಬಂದ ನೋಟಿಸ್‌ನ ಲಕೋಟೆಯನ್ನೂ ಎಸೆಯದೆ ವಕೀಲರಿಗೆ ಕೊಡಿ, ಅದರ ಮೇಲಿನ ಅಂಚೆ ಮುದ್ರೆಯ ತಾರೀಕು ಬೇಕಾಗುತ್ತದೆ.