ಟ್ರಂಕು ಹೊತ್ತವರು

ಈ ಪ್ರಕರಣದಲ್ಲಿ ಊರು, ವಯಸ್ಸು, ಕೆಲಸ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಬದಲಿಸಿದ್ದೇನೆ. ಬರೆಯುವ ಮೊದಲು, ನನ್ನ ಹತ್ತಿರ ಬಂದಿದ್ದವರನ್ನೇ ಕೇಳಿದ್ದೇನೆ. ಓದಿ ನೋಡಿ ಒಂದು ಸಾಲು ಹೊಡೆದುಹಾಕಿದರು. ಉಳಿದದ್ದು ಇರಲಿ ಅಂದರು.

ಮಂಗಳೂರಿನ ನನ್ನ ಆಪ್ತಸಮಾಲೋಚನೆಯ ಕೋಣೆಗೆ ಅವರನ್ನು ಕರೆದುಕೊಂಡು ಬಂದವರು ಹೆಂಡತಿ. ನಿವೃತ್ತ ಇಂಜಿನಿಯರ್, ವಯಸ್ಸು 66. ಮೂರು ವಾರದಿಂದ ಸರಿಯಾಗಿ ನಿದ್ದೆ ಇಲ್ಲ. ಬೆಂಗಳೂರಿನ ಮಗನ ಜೊತೆ ಫೋನಿನಲ್ಲಿ ಮೀಸಲಾತಿಯ ವಿಷಯಕ್ಕೆ ಜೋರು ಮಾತಾಗಿ, ಅರ್ಧದಲ್ಲೇ ಫೋನಿಟ್ಟಿದ್ದರು. "ಇವರು ಅಂಥವರಲ್ಲ" ಅಂದರು ಹೆಂಡತಿ.

ಇಂಥ ಕಡೆ ನಾನು ಮೊದಲು ಖಿನ್ನತೆ ಇದೆಯಾ ಅಂತ ನೋಡುತ್ತೇನೆ. ಪಿ.ಎಚ್.ಕ್ಯೂ-9 ಅಂತ ಒಂಬತ್ತು ಪ್ರಶ್ನೆಗಳ ಪಟ್ಟಿ ಇದೆ, ಒಟ್ಟು 27 ಅಂಕ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮುಂದೆ ತಪಾಸಣೆ ಬೇಕು. ಇವರದ್ದು 7. ಊಟ ಸೇರುತ್ತಿತ್ತು, ಬೆಳಗಿನ ವಾಕಿಂಗ್ ನಿಂತಿರಲಿಲ್ಲ, ಸಾಯುವ ಯೋಚನೆ ಇರಲಿಲ್ಲ. ಹಾಗಾಗಿ ಮಾತಿನಲ್ಲೇ ಮುಂದುವರಿಯೋಣ ಅಂದುಕೊಂಡೆ.

ಮೊದಲ ದಿನ ಅವರು ಹೇಳಿದ್ದು ತಮ್ಮ ಕಷ್ಟದ ಕತೆ. ಉಡುಪಿ ಕಡೆಯ ಹಳ್ಳಿ, ಜಮೀನಿದ್ದ ಮನೆ. "ಡಿಕ್ಲರೇಶನ್‌ನಲ್ಲಿ ಎಲ್ಲ ಹೋಯ್ತು. ನಾನು ಸೊನ್ನೆಯಿಂದ ಬಂದವನು." ಈ ಮಾತನ್ನು ಅವರು ಎಷ್ಟು ಸಲ ಹೇಳಿರಬೇಕು ಅಂದರೆ, ಹೇಳುವಾಗ ಯೋಚಿಸುತ್ತಲೇ ಇರಲಿಲ್ಲ. ನಮ್ಮ ಜಿಲ್ಲೆಗಳಲ್ಲಿ ಜಮೀನಿದ್ದ ಎಷ್ಟೋ ಮನೆಗಳಲ್ಲಿ ಇದೇ ಕತೆ ಕೇಳಿರುತ್ತೀರಿ. ನಮ್ಮಜ್ಜಿಯ ಬಾಯಲ್ಲಿ ನಾನೂ ಕೇಳಿದ್ದೇನೆ.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ದೇವರಾಜ ಅರಸು ಕಾಲದ ಭೂಸುಧಾರಣೆ ಕಾಯ್ದೆಯ ತಿದ್ದುಪಡಿಯಿಂದ, 1974ರ ಮಾರ್ಚ್ 1ಕ್ಕೆ ಗೇಣಿಗೆ ಕೊಟ್ಟ ಜಮೀನೆಲ್ಲ ಸರಕಾರಕ್ಕೆ ಸೇರಿತು. ಆದರೆ ಅದು ತಾನಾಗಿ ಗೇಣಿದಾರನ ಹೆಸರಿಗೆ ಬರಲಿಲ್ಲ. ಅವನು 7ನೇ ನಂಬರಿನ ಫಾರಂ ತುಂಬಿ ಭೂನ್ಯಾಯ ಮಂಡಳಿಗೆ ಅರ್ಜಿ ಹಾಕಬೇಕಿತ್ತು. ಅದಕ್ಕೇ ಇಲ್ಲಿ ಡಿಕ್ಲರೇಶನ್ ಅನ್ನುವುದು. ಗಡುವು ಮುಂದಕ್ಕೆ ಹೋಗುತ್ತಾ ಹೋಗಿ ಕೊನೆಗೆ 1979ರ ಜೂನ್ 30ಕ್ಕೆ ನಿಂತಿತು. ಅರ್ಜಿ ಹಾಕಿದವರಲ್ಲಿ ಬಹಳ ಮಂದಿಗೆ ಭೂಮಿ ಸಿಕ್ಕಿತು. ಹಾಕದೇ ಉಳಿದವರ ಕತೆಯನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ.

ನಿದ್ದೆ ಕೆಟ್ಟದ್ದು ಯಾವತ್ತಿನಿಂದ ಅಂತ ಕೇಳಿದೆ. ಊರಿಗೆ ಹೋಗಿ ಬಂದ ದಿನದಿಂದ ಅಂದರು. ಉಳಿದಿದ್ದ ಮುಕ್ಕಾಲು ಎಕರೆ ಬೆಟ್ಟು ಜಾಗ ಮಾರುವುದಕ್ಕೆ ಮಾತಾಗಿತ್ತು. ಗಡಿ ನೋಡಲು ಹೋಗಿದ್ದರು. ಜಾಗದ ಮೂಲೆಯಲ್ಲಿ ಒಂದು ಹಂಚಿನ ಮನೆ. ಹಳೆಯ ಚಾಲಗೇಣಿಯವರ, ಅಂದರೆ ಧಣಿ ಬೇಡ ಅಂದಾಗ ಬಿಡಬೇಕಾದ ಗೇಣಿಗೆ ಗದ್ದೆ ಮಾಡುತ್ತಿದ್ದವರ ಮಗಳು ಅಲ್ಲಿ ಇದ್ದಾಳೆ.

"ಇದ್ದಾಳೆ" ಅಂದರು. ಆಕೆಗೆ ಎಪ್ಪತ್ತು ಅಂತ ಮುಂದಿನ ವಾಕ್ಯದಲ್ಲಿ ಅವರೇ ಹೇಳಿದರು. ಅದನ್ನು ನಾನು ಸುಮ್ನೆ ಪುಸ್ತಕದಲ್ಲಿ ಗುರುತು ಮಾಡಿಕೊಂಡೆ.

ಆಕೆ "ಸಣ್ಣ ಧಣಿ ಬಂದಿರಾ" ಅಂತ ಮನೆಯ ಒಂದೇ ಒಂದು ಕುರ್ಚಿಯನ್ನು ಅಂಗಳಕ್ಕೆ ತಂದಿಟ್ಟರು. ಬೆಲ್ಲ, ನೀರು ತಂದರು. ಕೈಗೆ ಕೊಡಲಿಲ್ಲ. ಜಗಲಿಯ ಅಂಚಿನಲ್ಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಂತರು. ಇವರು ಬಗ್ಗಿ ಎತ್ತಿಕೊಂಡರು. "ಚಿಕ್ಕಂದಿನಿಂದ ಹಾಗೇ ಎತ್ತಿಕೊಂಡಿದ್ದೆ. ಅವತ್ತು ಲೋಟ ಎತ್ತುವಾಗ ಮೊದಲ ಸಲ ಕೈ ತಡೆಯಿತು" ಅಂದರು.

ಆಮೇಲೆ ಹಳೆಯ ಮಾತು ಬಂತು, ತುಳುವಿನಲ್ಲಿ. ಇವರು ಅಲ್ಲಿಯೂ "ಎಲ್ಲ ಹೋಯ್ತಲ್ಲ" ಅಂದಿದ್ದಾರೆ. ಆಕೆ ಹೌದೌದು ಅಂದು, "ನಮ್ಮಪ್ಪ ಮಾತ್ರ ಹಾಕಲಿಲ್ಲ. ಹಾಕಬೇಡ, ನಾನಿದ್ದೇನೆ ಅಂತ ದೊಡ್ಡ ಧಣಿ ಹೇಳಿದ್ದರು. ಒಳ್ಳೆಯವರು" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಬೈಲುಗದ್ದೆ ಮಾರಿದ ವರ್ಷವೇ ಅಲ್ವಾ ನೀವು ಕಾಲೇಜಿಗೆ ಹೋದದ್ದು? ನಿಮ್ಮ ಟ್ರಂಕು ನಾನೇ ಹೊತ್ತದ್ದು, ಸಂಕ ದಾಟಿ ಬಸ್ಸಿನವರೆಗೆ."

ಇಷ್ಟೇ. ಆಕೆ ಜಗಳ ಮಾಡಲಿಲ್ಲ, ಅಳಲಿಲ್ಲ. ಮಾತಾಡುತ್ತಾ ಗೆರಸೆಯಲ್ಲಿದ್ದ ಬೀಡಿ ಎಲೆಯನ್ನು ಕತ್ತರಿಸುತ್ತಿದ್ದರಂತೆ.

ಫೀಸಿಗೆ ಬೈಲುಗದ್ದೆ ಮಾರಿದ್ದು ಇವರಿಗೆ ಮೊದಲಿನಿಂದ ಗೊತ್ತು. ಅದು ಮನೆಯಲ್ಲಿ ಅಪ್ಪನ ತ್ಯಾಗದ ಕತೆ. ನಮ್ಮ ಕಡೆ ಬೆಟ್ಟು, ಮಜಲು, ಬೈಲು ಅಂತ ಗದ್ದೆಯಲ್ಲಿ ಮೂರು ತರ. ಬೈಲು ತಗ್ಗಿನದ್ದು, ನೀರು ಆರದ್ದು, ಏಣೆಲು ಅನ್ನುವ ಮಳೆಗಾಲದ ಬೆಳೆ ಮುಗಿದ ಮೇಲೂ ಬೆಳೆ ಕೊಡುವುದು. ಎಲ್ಲಕ್ಕಿಂತ ಒಳ್ಳೆಯದನ್ನೇ ಮಗನಿಗೋಸ್ಕರ ಮಾರಿದರು, ನಿಜ. ಆದರೆ ಆ ಗದ್ದೆಯನ್ನು ಉಳುತ್ತಿದ್ದವರು ಯಾರು ಅನ್ನುವುದು ಆ ಕತೆಯಲ್ಲಿ ಇರಲೇ ಇಲ್ಲ. ಮಾರಿದ್ದು 1977ರಲ್ಲಿ. ಗಡುವು ಮುಗಿಯಲು ಇನ್ನೂ ಎರಡು ವರ್ಷ ಇತ್ತು. ಈ ಲೆಕ್ಕವನ್ನು ನಾನು ಹಾಕಿ ತೋರಿಸಲಿಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ಕೂತು ಅವರೇ ಹಾಕಿದ್ದರು.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಅವರ ಮುಖ ನೋಡಲಾರದೆ, "ಅಂದಿನ ಕಾಲ ಹಾಗಿತ್ತು, ನೀವು ಆಗ ಹದಿನೆಂಟರ ಹುಡುಗ" ಅಂದುಬಿಟ್ಟೆ. ಮಾತು ಸುಳ್ಳಲ್ಲ, ಆದರೆ ಅದಕ್ಕೆ ಹೊತ್ತಲ್ಲ. ಅವರು ಕನ್ನಡಕ ಒರೆಸಿಕೊಂಡು ಹವಾಮಾನದ ಬಗ್ಗೆ ಮಾತಾಡಿದರು. ಆ ದಿನ ಅಲ್ಲಿಗೇ ಮುಗಿಯಿತು.

ಎರಡನೇ ಸಲ ಬರುವಾಗ ನಾಲ್ಕು ಪುಟದ ಪತ್ರ ತಂದಿದ್ದರು, ಆಕೆಗೆ ಬರೆದದ್ದು. ಜೊತೆಗೆ ಎರಡು ಲಕ್ಷದ ಚೆಕ್ಕು. ಮರುದಿನವೇ ಕೊಟ್ಟು ಬರುವ ಯೋಚನೆ. ಪತ್ರದಲ್ಲಿ "ನಾನು" ಎಷ್ಟು ಸಲ ಬಂದಿದೆ ಎಣಿಸಿ ಅಂದೆ. ಪೆನ್ಸಿಲ್ ಹಿಡಿದು ಎಣಿಸಿದರು. 61. ನಾನು ಕುರುಡ, ನಾನು ಪಾಪಿ, ನನ್ನನ್ನು ಕ್ಷಮಿಸಿ. ಆಕೆಯ ಅಪ್ಪನ ಹೆಸರು ಎಲ್ಲೂ ಇರಲಿಲ್ಲ. ಅದು ತನಗೆ ನೆನಪಿಲ್ಲ ಅನ್ನುವುದು ಆಗ ಅವರಿಗೆ ಹೊಳೆಯಿತು.

ನಮ್ಮ ಕೆಲಸದಲ್ಲಿ ಎರಡು ಬಗೆಯ ನೋವನ್ನು ಬೇರೆಬೇರೆಯಾಗಿ ನೋಡುತ್ತೇವೆ. "ಇದು ತಪ್ಪಾಯಿತು" ಅನ್ನುವುದು ಒಂದು. "ನಾನೇ ಕೆಟ್ಟವನು" ಅನ್ನುವುದು ಇನ್ನೊಂದು. ಮೊದಲನೆಯದು ಮನುಷ್ಯನನ್ನು ಸರಿಪಡಿಸುವ ಕಡೆಗೆ ಕರೆದೊಯ್ಯುತ್ತದೆ. ಎರಡನೆಯದು ಸಾಮಾನ್ಯವಾಗಿ ಅಡಗಿಕೊಳ್ಳುವಂತೆ ಮಾಡುತ್ತದೆ, ಇಲ್ಲವೇ ಸಿಟ್ಟಾಗಿ ಇನ್ನೊಬ್ಬರ ಮೇಲೆ ಹೋಗುತ್ತದೆ. ಮಗನ ಮೇಲೆ ಹೋದದ್ದು ಅದೇ. ಪತ್ರದಲ್ಲಿ ತುಂಬಿದ್ದೂ ಅದೇ. ಅಂಥ ಪತ್ರ ಕೊಟ್ಟರೆ, ಎಪ್ಪತ್ತರ ಹೆಂಗಸು ಧಣಿಯ ಮಗನನ್ನು ಸಮಾಧಾನ ಮಾಡಬೇಕಾಗುತ್ತದೆ. ಮತ್ತೊಂದು ಟ್ರಂಕು ಹೊರಿಸಿದ ಹಾಗೆ ಅಂದೆ. ಈ ಮಾತು ಸ್ವಲ್ಪ ಖಾರವಾಯಿತು. ಆದರೆ ಅವರಿಗೆ ತಾಗಿದ್ದು ಇದೇ.

ಪತ್ರ, ಚೆಕ್ಕು ಎರಡನ್ನೂ ತಡೆಹಿಡಿಯಿರಿ ಅಂದೆ. ಬದಲಿಗೆ ನಾಲ್ಕು ದಿನ, ದಿನಕ್ಕೆ ಹದಿನೈದು ನಿಮಿಷ ಗಡಿಯಾರ ಇಟ್ಟುಕೊಂಡು ಬರೆಯಲು ಹೇಳಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1980ರ ದಶಕದಲ್ಲಿ ಶುರುಮಾಡಿದ ಪದ್ಧತಿ ಇದು. ಮೂಲದಲ್ಲಿ ಮನಸ್ಸಿನಲ್ಲಿರುವುದನ್ನೆಲ್ಲ ಸುರಿಯಲು ಹೇಳುತ್ತಾರೆ. ಇವರು ಈಗಾಗಲೇ ನಾಲ್ಕು ಪುಟ ಸುರಿದಿದ್ದರಲ್ಲ, ಅದಕ್ಕೆ ನಾನು ಒಂದು ಕಟ್ಟು ಹಾಕಿದೆ. ಕಂಡದ್ದನ್ನು, ಕೇಳಿದ್ದನ್ನು ಮಾತ್ರ ಬರೆಯಬೇಕು. ಆಕೆಗೆ ಹೇಗನಿಸಿತು ಅಂತ ಊಹಿಸಿ ಬರೆಯಬಾರದು. ತನ್ನನ್ನು ಬೈದುಕೊಳ್ಳಲೂಬಾರದು. ಬರೆದ ಮೇಲೆ ಸ್ವಲ್ಪ ಹೊತ್ತು ಮನಸ್ಸು ಭಾರವಾಗುವುದು ಸಹಜ. ಆದರೆ ಮರುದಿನವೂ ಹಾಗೇ ಇದ್ದರೆ ನಿಲ್ಲಿಸಿ ಫೋನ್ ಮಾಡಿ ಅಂದಿದ್ದೆ.

ಮೂರನೇ ದಿನ ಫೋನ್ ಬಂತು. ಅಪ್ಪನ ಬಗ್ಗೆ ಬರೆಯಲು ಕೂತು ಕೈ ನಡುಗಿತಂತೆ. "ಅಪ್ಪ ಮೋಸಗಾರ ಅಂತ ಬರೆಯಬೇಕಾ?" ಬೇಡ ಅಂದೆ. ಅಪ್ಪ ಏನು ಹೇಳಿದರು, ಏನು ಮಾರಿದರು, ಯಾವ ವರ್ಷ, ಅಷ್ಟು ಸಾಕು. ಆ ಅಪ್ಪ ಕೊನೆಗಾಲದವರೆಗೂ ಆಕೆಯ ಮನೆಗೆ ಅಕ್ಕಿ ಕಳಿಸುತ್ತಿದ್ದದ್ದೂ ಹೌದು. ಅದನ್ನೂ ಬರೆಯಿರಿ. ಎರಡನ್ನೂ ಒಂದೇ ಹಾಳೆಯಲ್ಲಿ ಬರೆಯಿರಿ.

ನಾಲ್ಕನೇ ದಿನದ ಬರಹದಲ್ಲಿ ಒಂದು ಭಾಗ ಇತ್ತು. ಅವರ ಅನುಮತಿಯಿಂದ ಇಲ್ಲಿ ಕೊಡುತ್ತೇನೆ:

"ಜುಲೈ ತಿಂಗಳು. ಸಂಕ ಅಂದರೆ ಎರಡು ಅಡಿಕೆ ಮರ. ಕೆಳಗೆ ತೋಡು ಕೆಂಪಾಗಿ ಓಡುತ್ತಿತ್ತು. ಅವರು ಟ್ರಂಕು ತಲೆಯ ಮೇಲಿಟ್ಟುಕೊಂಡು ಮುಂದೆ ಹೋದರು. ಮಳೆಗೆ ಗೊರಬು ಹಾಕಿರಲಿಲ್ಲ, ತಲೆಯ ಮೇಲೆ ಟ್ರಂಕು ಇತ್ತಲ್ಲ. ನನ್ನ ಒಂದು ಕೈಯಲ್ಲಿ ಕೊಡೆ ಇತ್ತು. ಇನ್ನೊಂದು ಕೈಯಲ್ಲಿ ಏನಿತ್ತು ಅಂತ ಎಷ್ಟು ನೆನಪಿಸಿಕೊಂಡರೂ ಬರುವುದಿಲ್ಲ. ಏನೂ ಇರಲಿಲ್ಲ ಅನಿಸುತ್ತದೆ. ಮಳೆಯಲ್ಲಿ ನಡೆದು ಹೋಗಿ ಓದಿದೆ ಅಂತ ಮಗನಿಗೆ ಎಷ್ಟೋ ಸಲ ಹೇಳಿದ್ದು ಇದೇ ದಿನದ ಬಗ್ಗೆ."

"ಅವರು" ಅಂತ ಬರೆದಿದ್ದರು. ನಾನದನ್ನು ಎತ್ತಿ ಹೇಳಲಿಲ್ಲ.

ಮೂರನೇ ಭೇಟಿಯಲ್ಲಿ ಕೇಳಿದೆ, ಅವತ್ತು ಆಕೆ ಬೇರೇನಾದರೂ ಹೇಳಿದರಾ? ಯೋಚಿಸಿ ಹೇಳಿದರು. ಹೊರಡುವಾಗ ಆಕೆ, "ಜಾಗ ಮಾರಿದರೆ ನಮ್ಮ ಮನೆ ಏನು ಮಾಡುತ್ತೀರಿ ಧಣಿ?" ಅಂದಿದ್ದರು. ಇವರು "ನೋಡುವ" ಅಂದು ಕಾರು ಹತ್ತಿದ್ದರು. ಮೂರು ವಾರ ನಿದ್ದೆಗೆಟ್ಟು ಹಳೆಯದನ್ನೆಲ್ಲ ಬಗೆದ ಮನುಷ್ಯನಿಗೆ ಈ ಪ್ರಶ್ನೆ ಮರೆತೇ ಹೋಗಿತ್ತು. ಮನೆಯ ಅಡಿಯ ಐದು ಸೆಂಟ್ಸಿಗೆ ಆಕೆಯ ಹೆಸರಲ್ಲಿ ಒಂದು ಚೂರು ಕಾಗದ ಇಲ್ಲ. ಪಹಣಿ ಇನ್ನೂ ಇವರದ್ದೇ.

ನಾನು ವಕೀಲನಲ್ಲ. ಹೇಳಿದ್ದು ಇಷ್ಟು. ಮಾರಾಟದ ಮಾತನ್ನು ಸದ್ಯ ನಿಲ್ಲಿಸಿ. ಪಹಣಿ ಹಿಡಿದುಕೊಂಡು ವಕೀಲರ ಹತ್ತಿರ ಹೋಗಿ. ಜಮೀನಿನ ಒಂದು ತುಂಡನ್ನು ಬೇರೆ ಮಾಡಿ ನೋಂದಣಿ ಮಾಡಬೇಕಾದರೆ ಮೊದಲು 11ಇ ಅನ್ನುವ ಅಳತೆಯ ನಕ್ಷೆ ಆಗಬೇಕು, ಸರ್ವೆಯವರು ಬರಬೇಕು, ತಿಂಗಳುಗಟ್ಟಲೆ ಹಿಡಿಯಬಹುದು. ಆ ಖರ್ಚು, ಓಡಾಟ ನಿಮ್ಮದಿರಲಿ. ಆಕೆಯ ಹತ್ತಿರ ಹೋದಾಗ ಕ್ಷಮೆಯ ಮಾತು ನೀವಾಗಿ ಎತ್ತಬೇಡಿ. ಯಾರ ಹೆಸರಿಗೆ ಆಗಬೇಕು, ಗಡಿ ಎಲ್ಲಿ ಬರಬೇಕು, ಕೇಳಿ ಬರೆದುಕೊಳ್ಳಿ. ಪತ್ರಿಕೆ, ಫೋಟೋ, ಹಾರ ಏನೂ ಬೇಡ. ಆಕೆಯ ಅಪ್ಪನ ಹೆಸರು ಕೇಳಲು ನಾಚಿಕೆ ಪಡಬೇಡಿ, ಅರ್ಜಿಗೆ ಹೇಗೂ ಬೇಕಾಗಬಹುದು.

ಎರಡು ವಾರ ಬಿಟ್ಟು ಬಂದರು. ನಿದ್ದೆ ಸ್ವಲ್ಪ ಸುಧಾರಿಸಿತ್ತು. ಪೂರ್ತಿ ಮೊದಲಿನಂತೆ ಅಲ್ಲ, ಬೆಳಿಗ್ಗೆ ನಾಲ್ಕಕ್ಕೆ ಎಚ್ಚರವಾಗುತ್ತಿತ್ತು. ಊರಿಗೆ ಹೋಗಿ ಬಂದಿದ್ದರು. ಆಕೆ ಸೊಸೆಯ ಹೆಸರಿಗೆ ಮಾಡಿ ಅಂದರಂತೆ. ಇವರು "ನೀವು" ಅಂದಾಗ ಆಕೆ ಹಿಂದೆ ತಿರುಗಿ ನೋಡಿದರಂತೆ, ಬೇರೆ ಯಾರಾದರೂ ಬಂದರಾ ಅಂತ.

"ಥ್ಯಾಂಕ್ಸ್ ಅಂತ ಹೇಳಲಿಲ್ಲ" ಅಂದರು.

"ನಿಮಗೆ ಏನನಿಸಿತು?"

"ಬೇಸರ ಆಯ್ತು. ಬೇಸರ ಆಯ್ತಲ್ಲ ಅಂತ ಇನ್ನೂ ಜಾಸ್ತಿ ಬೇಸರ ಆಯ್ತು."

ನಾವಿಬ್ಬರೂ ನಕ್ಕೆವು. ಆಮೇಲೆ ಕಿಸೆಯಿಂದ ಚೀಟಿ ತೆಗೆದರು. ಆಕೆ ಹೇಳಿ ಬರೆಸಿದ್ದು: ಬಾವಿಗೆ ಹೋಗುವ ದಾರಿಯೂ ನಕ್ಷೆಯಲ್ಲಿ ಬರಬೇಕು. ಬಾವಿ ಉಳಿದ ಜಾಗದಲ್ಲಿತ್ತು. ಅದು ಇವರಿಗೆ ಹೊಳೆದಿರಲಿಲ್ಲ.