ಸ್ಯಾನ್‌ಫರೈಸಿಂಗ್, ಕ್ಯಾಲೆಂಡರಿಂಗ್, ಎನ್‌ಜೈಮ್ ವಾಶ್: ಬಟ್ಟೆಯಲ್ಲಿ ಏನು ಬದಲಾಗುತ್ತದೆ?

ಪ್ರಶ್ನೆ: ಶರ್ಟ್ ಪೀಸ್ ತಗೊಳೋಕೆ ಹೋದ್ರೆ ಒಂದಕ್ಕೆ ಸ್ಯಾನ್‌ಫರೈಸ್ಡ್ ಅಂತಾರೆ, ಇನ್ನೊಂದಕ್ಕೆ ಕ್ಯಾಲೆಂಡರ್ ಫಿನಿಶ್, ಮತ್ತೊಂದಕ್ಕೆ ಎನ್‌ಜೈಮ್ ವಾಶ್ ಅಂತಾರೆ. ಇವು ಮೂರೂ ಒಂದೇನಾ? ಒಗೆದರೆ ಚಿಕ್ಕದಾಗದೇ ಇರೋದು ಯಾವುದು?

ಉತ್ತರ: ಚಿಕ್ಕದಾಗದಂತೆ ತಡೆಯಲೆಂದೇ ಮಾಡುವುದು ಸ್ಯಾನ್‌ಫರೈಸಿಂಗ್ ಒಂದೇ. ಉಳಿದೆರಡರ ಕೆಲಸ ಬೇರೆ. ನಾನು ಬಟ್ಟೆ ಪ್ರೊಸೆಸಿಂಗ್ ಮಿಲ್‌ನ ಫಿನಿಶಿಂಗ್ ವಿಭಾಗದಲ್ಲಿ ಕೆಲಸ ಮಾಡುವವನು. ಕಾಟನ್ ಪಾಪ್ಲಿನ್ ಇಟ್ಟುಕೊಂಡು ಹೇಳುತ್ತೇನೆ.

ನೇಯ್ಗೆ, ಬ್ಲೀಚಿಂಗ್, ಡೈಯಿಂಗ್ ಎಲ್ಲದರಲ್ಲೂ ಬಟ್ಟೆಯನ್ನು ಉದ್ದಕ್ಕೆ ಎಳೆದುಕೊಂಡೇ ಓಡಿಸುತ್ತಾರೆ. ಹಾಗಾಗಿ ಉದ್ದಕ್ಕೆ ಓಡುವ ಹಾಸಿನ ಎಳೆಗಳು ಬೇಕಾದ್ದಕ್ಕಿಂತ ನೆಟ್ಟಗಾಗಿರುತ್ತವೆ. ಮನೆಯಲ್ಲಿ ನೀರಿಗೆ ಹಾಕಿದಾಗ ಹತ್ತಿ ದಾರ ಉಬ್ಬುತ್ತದೆ. ಅಡ್ಡಕ್ಕಿರುವ, ಉಬ್ಬಿದ ಹೊಕ್ಕಿನ ಎಳೆಯನ್ನು ಸುತ್ತಿ ಹೋಗಲು ಹಾಸಿನ ಎಳೆಗೆ ಜಾಸ್ತಿ ಉದ್ದ ಬೇಕಾಗುತ್ತದೆ. ಎಳೆ ಉದ್ದವಾಗುವುದಿಲ್ಲವಲ್ಲ, ಬಟ್ಟೆಯೇ ಗಿಡ್ಡವಾಗುತ್ತದೆ. ಶರ್ಟ್ ಅಗಲಕ್ಕಿಂತ ಉದ್ದದಲ್ಲಿ ಹೆಚ್ಚು ಕುಗ್ಗುವುದು ಇದಕ್ಕೇ.

ಈ ಕುಗ್ಗುವಿಕೆಯನ್ನು ಮಿಲ್‌ನಲ್ಲೇ ಮುಗಿಸಿಬಿಡುವುದು ಸ್ಯಾನ್‌ಫರೈಸಿಂಗ್. ಅಮೆರಿಕದ ಸ್ಯಾನ್‌ಫರ್ಡ್ ಕ್ಲೂಯೆಟ್ ಇದನ್ನು ಕಂಡುಹಿಡಿದವರು, ಹೆಸರು ಬಂದದ್ದೂ ಅವರಿಂದಲೇ. ಒಂದು ದಪ್ಪ ಎರೇಸರನ್ನು ಬಗ್ಗಿಸಿ ನೋಡಿ. ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಮೆಷಿನ್‌ನಲ್ಲೂ ಇದೇ ಆಟ, ದಪ್ಪ ರಬ್ಬರ್ ಬೆಲ್ಟ್‌ನದು. ಬೆಲ್ಟ್ ರೋಲರ್ ಮೇಲೆ ಬಾಗಿ ಅದರ ಹೊರಮೈ ಹಿಗ್ಗಿರುವ ಜಾಗದಲ್ಲಿ, ಹದವಾಗಿ ನೀರು ಚಿಮುಕಿಸಿದ ಬಟ್ಟೆ ಅದರ ಮೇಲೆ ಬಂದು ಕೂರುತ್ತದೆ. ಮುಂದೆ ಬೆಲ್ಟ್ ಬಿಸಿ ಡ್ರಮ್ಮಿಗೆ ಒತ್ತಿಕೊಂಡು ಉಲ್ಟಾ ಬಾಗುತ್ತದೆ. ಆಗ ಅದೇ ಮೈ ಕುಗ್ಗುತ್ತದೆ, ಜೊತೆಗೆ ಬಟ್ಟೆಯನ್ನೂ ಉದ್ದಕ್ಕೆ ಒತ್ತಿಕೊಳ್ಳುತ್ತದೆ. ನಂತರ ಫೆಲ್ಟ್ ಹೊದಿಸಿದ ಇನ್ನೊಂದು ಬಿಸಿ ಡ್ರಮ್ಮಿನ ಮೇಲೆ ಒಣಗಿಸಿ ಆ ಸ್ಥಿತಿಯಲ್ಲೇ ನಿಲ್ಲಿಸುತ್ತಾರೆ. ಕೆಲಸ ಸರಿಯಾಗಿದ್ದರೆ ಆಮೇಲೆ ಒಗೆದಾಗ ಶೇ. 1ಕ್ಕಿಂತ ಹೆಚ್ಚು ಕುಗ್ಗಬಾರದು.

ಒಳಗಿನ ಲೆಕ್ಕ ಇಲ್ಲಿದೆ. ಶೇ. 5 ಕುಗ್ಗುವ ಬಟ್ಟೆ 100 ಮೀಟರ್ ಹಾಕಿದರೆ ಈಚೆ ಬರುವುದು ಸುಮಾರು 95 ಮೀಟರ್. ಮಾರುವುದು ಮೀಟರ್ ಲೆಕ್ಕದಲ್ಲಿ! ಆ 5 ಮೀಟರ್ ಬಿಡಲು ಮನಸ್ಸು ಬಾರದವರು ಅರ್ಧಂಬರ್ಧ ಕುಗ್ಗಿಸಿ ಕಳಿಸುವುದುಂಟು. ಬಟ್ಟೆ ಮೇಲೆ ಸ್ಯಾನ್‌ಫರೈಸ್ಡ್ ಅನ್ನುವ ಸೀಲ್ ಇರುತ್ತದೆ, ಶರ್ಟ್ ಮಾತ್ರ ಗಿಡ್ಡವಾಗುತ್ತದೆ.

ಕ್ಯಾಲೆಂಡರಿಂಗ್ ಬರೀ ಮೈಗೆ ಸಂಬಂಧಿಸಿದ್ದು. ಬಿಸಿ ಉಕ್ಕಿನ ರೋಲರ್ ಮತ್ತು ಸ್ವಲ್ಪ ಮೆತ್ತಗಿನ ರೋಲರ್ ನಡುವೆ ಬಟ್ಟೆಯನ್ನು ಭಾರಿ ಒತ್ತಡದಲ್ಲಿ ದಾಟಿಸುತ್ತಾರೆ. ದುಂಡಗಿನ ದಾರ ಚಪ್ಪಟೆಯಾಗಿ ಸಂದುಗಳು ಮುಚ್ಚುತ್ತವೆ. ಹೊಳಪು ಬರುತ್ತದೆ, ಕೈಗೆ ನುಣುಪು ಸಿಗುತ್ತದೆ. ಸಾದಾ ಕಾಟನ್‌ನಲ್ಲಿ ಇದು ಒಗೆದರೆ ಬಹುಪಾಲು ಹೋಗುತ್ತದೆ. ತುಂಡೊಂದರ ಮೇಲೆ ಒಂದು ಹನಿ ನೀರು ಬಿಟ್ಟು, ಇಸ್ತ್ರಿ ಹಾಕದೆ ಒಣಗಲು ಬಿಡಿ. ಆ ಜಾಗ ಮಾತ್ರ ಮಂಕಾದರೆ ನೀವು ನೋಡಿ ಮೆಚ್ಚಿದ್ದು ಒತ್ತಿದ ಹೊಳಪು, ಅಥವಾ ಗಂಜಿ. ಇನ್ನೊಂದು ವಿಷಯ, ಸ್ಯಾನ್‌ಫರೈಸ್ ಆದ ಬಟ್ಟೆಯನ್ನು ಆಮೇಲೆ ಬಿಗಿಯಾಗಿ ಎಳೆದು ಕ್ಯಾಲೆಂಡರ್ ಮಾಡಿದರೆ ಕುಗ್ಗಿಸಿದ್ದು ಮತ್ತೆ ಹಿಗ್ಗುತ್ತದೆ. ಅದಕ್ಕೇ ನಾವು ಸ್ಯಾನ್‌ಫರೈಸಿಂಗನ್ನು ಕೊನೆಗೆ ಇಟ್ಟುಕೊಳ್ಳುತ್ತೇವೆ.

ಎನ್‌ಜೈಮ್ ವಾಶ್‌ನಲ್ಲಿ ನಾರನ್ನೇ ಸ್ವಲ್ಪ ತಿನ್ನಿಸುತ್ತಾರೆ. ಸೆಲ್ಯುಲೇಸ್ ಅನ್ನುವ ಎನ್‌ಜೈಮ್ ದಾರದಿಂದ ಹೊರಗೆ ಚಾಚಿಕೊಂಡ ಸಣ್ಣ ನಾರುಗಳನ್ನು ಕಡಿದು ದುರ್ಬಲ ಮಾಡುತ್ತದೆ, ಡ್ರಮ್ಮಿನ ತಿರುಗಾಟಕ್ಕೆ ಅವು ಉದುರುತ್ತವೆ. ಹೊಳಪಿನ ಹಾಗೆ ಇದು ಒಗೆದರೆ ಹೋಗುವುದಿಲ್ಲ. ಮೇಲೆ ಉಂಡೆಯೇಳುವುದೂ ಕಡಿಮೆ. ಬಳ್ಳಾರಿ ಜೀನ್ಸ್ ಕೇಳಿರುತ್ತೀರಲ್ವಾ? ಜೀನ್ಸ್‌ಗೆ ಹಳೆಯದಾದಂತೆ ಕಾಣುವ ಮಾಸಲು ಬಣ್ಣ ತರಲೂ ಇದೇ ಎನ್‌ಜೈಮ್ ಬಳಸುತ್ತಾರೆ. ಇಂಡಿಗೋ ದಾರದ ಹೊರಪದರದಲ್ಲೇ ಇರುವುದರಿಂದ ಮೇಲಿನ ನಾರು ಉದುರಿದರೆ ಒಳಗಿನ ಬಿಳಿ ಕಾಣುತ್ತದೆ.

ಆ್ಯಸಿಡ್ ಸೆಲ್ಯುಲೇಸ್ ಆದರೆ ಪಿಎಚ್ 5ರ ಆಸುಪಾಸು, 50-55 ಡಿಗ್ರಿ ಬಿಸಿ ಬೇಕು. ಕೆಲಸ ಮುಗಿದ ಕೂಡಲೇ ಬಿಸಿ ಏರಿಸಿಯೋ ಸೋಡಾ ಹಾಕಿಯೋ ಎನ್‌ಜೈಮನ್ನು ಸಾಯಿಸಬೇಕು. ತಡಮಾಡಿದರೆ ಅದು ತಿನ್ನುತ್ತಲೇ ಹೋಗುತ್ತದೆ, ಬಟ್ಟೆ ತೂಕ ಕಳೆದುಕೊಂಡು ಸುಲಭವಾಗಿ ಹರಿಯುತ್ತದೆ. ರೆಡಿಮೇಡ್ ಶರ್ಟನ್ನು ಹೊಲಿದ ಮೇಲೆ ಹೀಗೆ ಒಗೆದಿದ್ದರೆ ಅಲ್ಲೇ ಒಂದಷ್ಟು ಕುಗ್ಗಿರುತ್ತದೆ, ಆದರೆ ಅದು ನೀರಿನ ಕೆಲಸ, ಎನ್‌ಜೈಮ್‌ನದಲ್ಲ. ಪಾಲಿಯೆಸ್ಟರ್ ಮೇಲಂತೂ ಸೆಲ್ಯುಲೇಸ್ ಏನೂ ಮಾಡುವುದಿಲ್ಲ.

ನೀವು ತಗೊಳ್ಳುವುದು ಪೀಸ್ ಆದ್ದರಿಂದ ಸ್ವಲ್ಪ ಜಾಸ್ತಿ ಬಟ್ಟೆ ತಗೊಳ್ಳಿ. ಕಿನಾರೆಗೆ ಸಮಾನಾಂತರವಾಗಿ 50 ಸೆಂ.ಮೀ. ಅಳೆದು ದಾರದಿಂದ ಎರಡು ಗುರುತು ಹಾಕಿ. ಮನೆಯಲ್ಲಿ ಹೇಗೆ ಒಗೆಯುತ್ತೀರೋ ಹಾಗೇ ಒಗೆದು, ಎಳೆಯದೆ ಒಣಗಿಸಿ ಅಳೆಯಿರಿ. 49.5 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಸೀಲ್ ನಿಜ. 47.5 ಬಂದರೆ ಶೇ. 5 ಹೋಯಿತು, ಅಂದರೆ 75 ಸೆಂ.ಮೀ. ಉದ್ದದ ಶರ್ಟ್ ಹತ್ತಿರತ್ತಿರ 4 ಸೆಂ.ಮೀ. ಗಿಡ್ಡವಾಗುತ್ತಿತ್ತು. ಈಗ ಪೂರ್ತಿ ಪೀಸ್ ಒಗೆದೇ ಇದೆಯಲ್ಲ, ಟೈಲರ್‌ಗೆ ಹಾಗೇ ಕೊಡಿ.