ರಾತ್ರಿ ಪಾಳಿಯ ಗಂಟೆ ಲೆಕ್ಕ: MOD ಏನು ಮಾಡುತ್ತದೆ, ಎಲ್ಲಿ ಕೈಕೊಡುತ್ತದೆ

ಪ್ರಶ್ನೆ: ನಮ್ಮಲ್ಲಿ ಸೆಕ್ಯೂರಿಟಿ ಗಾರ್ಡ್‌ಗಳು ರಾತ್ರಿ 10ಕ್ಕೆ ಬಂದು ಬೆಳಗ್ಗೆ 6ಕ್ಕೆ ಹೋಗ್ತಾರೆ. ಎಕ್ಸೆಲ್‌ನಲ್ಲಿ ಔಟ್ ಟೈಮಿಂದ ಇನ್ ಟೈಮ್ ಕಳೆದ್ರೆ ##### ಬರುತ್ತೆ. ಯಾರೋ MOD ಹಾಕಿ ಅಂದ್ರು. ಹಾಕಿದೆ, 8:00 ಬಂತು. ಆದ್ರೆ ಯಾಕೆ ಬಂತು ಗೊತ್ತಿಲ್ಲ. ಇದನ್ನ ನಂಬಿ ಸಂಬಳ ಮಾಡಬಹುದಾ?

ಉತ್ತರ: ಮಾಡಬಹುದು, ಆದರೆ ಒಂದೆರಡು ಬೇಲಿ ಹಾಕಿಕೊಂಡು. ನಾನು ಕೆಲವು ವರ್ಷ ಒಂದು ಸಣ್ಣ ಕಾರ್ಖಾನೆಯ ಹಾಜರಿ ಪುಸ್ತಕ ನೋಡಿಕೊಂಡವನು. ಇದೇ ಸೂತ್ರ ಹಾಕಿ ಒಂದು ತಿಂಗಳು ಚೆನ್ನಾಗಿಯೇ ಬೈಸಿಕೊಂಡಿದ್ದೇನೆ.

ಎಕ್ಸೆಲ್‌ಗೆ ಗಡಿಯಾರ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ದಿನದ ಭಾಗ ಮಾತ್ರ. ಇಡೀ ದಿನ ಅಂದರೆ 1. ಬೆಳಗ್ಗೆ 6 ಅಂದರೆ ಕಾಲು ದಿನ, 0.25. ರಾತ್ರಿ 10 ಅಂದರೆ 24ರಲ್ಲಿ 22 ಭಾಗ, ಹೆಚ್ಚುಕಮ್ಮಿ 0.9167. ಕಳೆದರೆ –0.6667. ಸೊನ್ನೆಗಿಂತ ಕಡಿಮೆಯ ಸಮಯವನ್ನು ತೋರಿಸಲು ಬಾರದೆ ಎಕ್ಸೆಲ್ ##### ಹಾಕಿ ಕೈಚೆಲ್ಲುತ್ತದೆ. ನಿಮ್ಮ ಗಾರ್ಡ್ ಹೋದದ್ದು ಮಾರನೆಯ ದಿನ ಎಂಬುದು ಆ ಎರಡು ಮನೆಗಳಲ್ಲಿ ಎಲ್ಲೂ ಬರೆದಿಲ್ಲ ನೋಡಿ.

MOD ಅಂದರೆ ಭಾಗಿಸಿದಾಗ ಉಳಿಯುವ ಶೇಷ. ಎಕ್ಸೆಲ್‌ನ MOD ಕೊಡುವ ಶೇಷಕ್ಕೆ ಭಾಜಕದ ಚಿಹ್ನೆಯೇ ಇರುತ್ತದೆ. 1ರಿಂದ ಭಾಗಿಸಿದರೆ ಉತ್ತರ ಯಾವತ್ತೂ 0ಯಿಂದ 1ರ ಒಳಗೇ, ಋಣ ಆಗುವುದೇ ಇಲ್ಲ. –0.6667ಕ್ಕೆ ಒಂದು ದಿನ ಸೇರಿಸಿ 0.3333 ಕೊಡುತ್ತದೆ. ಅದೇ ನಿಮ್ಮ 8 ಗಂಟೆ. ಹಗಲು ಪಾಳಿಯಲ್ಲಿ ವ್ಯತ್ಯಾಸ ಮೊದಲೇ ಧನವಾಗಿರುವುದರಿಂದ ಅದನ್ನು ಮುಟ್ಟದೆ ಹಾಗೇ ಬಿಡುತ್ತದೆ. ಹೀಗಾಗಿ ಎರಡೂ ಪಾಳಿಗೆ ಒಂದೇ ಸೂತ್ರ ಸಾಕು.

ತೊಂದರೆ ಇರುವುದೂ ಇಲ್ಲೇ. ಏನನ್ನು ಕೊಟ್ಟರೂ MOD 24 ಗಂಟೆಯೊಳಗಿನ ಒಂದು ಉತ್ತರ ಹೇಳಿಯೇ ಹೇಳುತ್ತದೆ. ನಿಮಗೆ ಬೇಡವೆನಿಸಿದ ##### ಕನಿಷ್ಠ ಕೂಗಿಕೊಳ್ಳುತ್ತಿತ್ತು. ಇದು ಕೂಗುವುದಿಲ್ಲ.

ನಾನು ಬೈಸಿಕೊಂಡದ್ದು ಖಾಲಿ ಮನೆಯಿಂದ. ರಾತ್ರಿ 10ಕ್ಕೆ ಬಂದವನೊಬ್ಬ ಹೋಗುವಾಗ ಸಹಿ ಹಾಕಿರಲಿಲ್ಲ, ನಾನು ಔಟ್ ಮನೆ ಖಾಲಿ ಬಿಟ್ಟೆ. ಎಕ್ಸೆಲ್ ಖಾಲಿಯನ್ನು 0 ಎಂದು ಓದುತ್ತದೆ, 0 ಅಂದರೆ ಮಧ್ಯರಾತ್ರಿ. ಆ ಸಾಲಿನಲ್ಲಿ ಸದ್ದಿಲ್ಲದೆ 2:00 ಬಂದು ಕೂತಿತ್ತು. ಅಂಥ ಮೂರು ರಾತ್ರಿಗೆ ಆ ಹುಡುಗನ 18 ಗಂಟೆ ಹಾರಿಹೋಗಿತ್ತು. ಆದ್ದರಿಂದ ಎರಡೂ ಸಮಯ ತುಂಬಿದ್ದರೆ ಮಾತ್ರ ಲೆಕ್ಕ ಮಾಡಿಸಿ. A ಇನ್, B ಔಟ್, C ಊಟದ ವಿರಾಮ ಎಂದಿಟ್ಟುಕೊಂಡರೆ D2ನಲ್ಲಿ ಹೀಗೆ:

```
=IF(COUNT(A2:B2)<2,"",MOD(B2-A2,1)-C2)
```

ಪಾಳಿ ನಿಜವಾಗಿಯೂ ಮಧ್ಯರಾತ್ರಿ 12ಕ್ಕೆ ಮುಗಿದರೆ 0:00 ಎಂದು ಟೈಪ್ ಮಾಡಿ. COUNT ಅದನ್ನು ಸಂಖ್ಯೆ ಎಂದು ಎಣಿಸುತ್ತದೆ, ಖಾಲಿಯನ್ನು ಎಣಿಸುವುದಿಲ್ಲ.

ವಿರಾಮವನ್ನು MOD ಆವರಣದ ಹೊರಗೆ ಕಳೆದಿದ್ದೇನೆ, ಗಮನಿಸಿ. ವಿರಾಮ ಅರ್ಧ ಗಂಟೆ ಎಂದಾದರೆ, ಒಳಗೆ ಕಳೆದರೂ ಸರಿಯಾದ ಸಾಲಿನಲ್ಲಿ ಅದೇ 7:30 ಬರುತ್ತದೆ. ಆದರೆ ಯಾರೋ ಇನ್, ಔಟ್ ಎರಡಕ್ಕೂ 22:00 ಎಂದೇ ತುಂಬಿದರು ಅನ್ನಿ, ಒಳಗಿದ್ದರೆ 23:30 ಎಂಬ ಭರ್ಜರಿ ಪಾಳಿ ಸಿಗುತ್ತದೆ. ಹೊರಗಿದ್ದರೆ ##### ಬಂದು ತಪ್ಪು ಕಣ್ಣಿಗೆ ಬೀಳುತ್ತದೆ.

ಇನ್ನೊಂದು ನಮ್ಮವರದೇ ಅಭ್ಯಾಸ. ಹತ್ತೂವರೆಯನ್ನು ನಾವು 10.30 ಎಂದು ಚುಕ್ಕಿ ಇಟ್ಟೇ ಬರೆಯುವುದು. ಎಕ್ಸೆಲ್‌ಗೆ 22.30 ಅಂದರೆ ಸಮಯವಲ್ಲ, ಇಪ್ಪತ್ತೆರಡು ಚಿಲ್ಲರೆ ದಿನ. 22.00ಕ್ಕೆ ಬಂದು 6.00ಕ್ಕೆ ಹೋದವನಿಗೆ MOD ಸೊನ್ನೆ ಕೊಡುತ್ತದೆ, ಅದೇನೋ ಗೊತ್ತಾಗುತ್ತದೆ. 22.30ರಿಂದ 6.50 ಆದರೆ 4:48 ಎಂದು ನಂಬುವಂಥ ಸುಳ್ಳು ಹೇಳುತ್ತದೆ. ಇದಕ್ಕೆ ಮದ್ದು ಸೂತ್ರದಲ್ಲಿಲ್ಲ. A ಮತ್ತು B ಕಾಲಮ್ ಆರಿಸಿ, ಮೆನುವಿನ Data Validation ತೆರೆದು, Time ಆಯ್ದು, 0:00ರಿಂದ 23:59ರ ನಡುವೆ ಎಂದು ಕಟ್ಟಿ. ಆಮೇಲೆ ಚುಕ್ಕಿ ಹಾಕಿದರೆ ಅದು ಸೇರಿಸಿಕೊಳ್ಳುವುದಿಲ್ಲ. ಆದರೆ ಬೇರೆ ಕಡೆಯಿಂದ ಕಾಪಿ ಮಾಡಿ ಪೇಸ್ಟ್ ಮಾಡಿದ್ದನ್ನು ಇದು ತಡೆಯುವುದಿಲ್ಲ.

ರಾತ್ರಿ 10ಕ್ಕೆ ಬರೀ 10:00 ಎಂದು ಟೈಪ್ ಮಾಡಿದರೆ ಅದು ಬೆಳಗಿನ ಹತ್ತು. ಆಗ ಪಾಳಿ 20 ಗಂಟೆ ಆಗುತ್ತದೆ. ಇಂಥದ್ದನ್ನು ಹಿಡಿಯಲು ಪಕ್ಕದ ಕಾಲಮ್‌ನಲ್ಲಿ ಒಂದು ಕಾವಲು ಸಾಲು ಇಟ್ಟಿದ್ದೇನೆ:

```
=IF(OR(D2<TIME(4,0,0),D2>TIME(12,0,0)),"ನೋಡಿ","")
```

4 ಮತ್ತು 12 ನಮ್ಮ ಕಡೆಯ ಮಿತಿ, ನಿಮಗೆ ತಕ್ಕಂತೆ ಬದಲಿಸಿ. ಅರ್ಧ ತುಂಬಿದ ಸಾಲುಗಳೂ ಇದರಲ್ಲಿ ಸಿಕ್ಕಿಬೀಳುತ್ತವೆ, ಯಾಕೆಂದರೆ ಎಕ್ಸೆಲ್ ಹೋಲಿಸುವಾಗ ಪಠ್ಯವನ್ನು ಯಾವ ಸಂಖ್ಯೆಗಿಂತಲೂ ದೊಡ್ಡದು ಎಂದು ನೋಡುತ್ತದೆ.

ಇನ್ನು ಸಂಬಳ. ನಿಮ್ಮ ಗಾರ್ಡ್ 26 ರಾತ್ರಿ, ವಿರಾಮ ಕಳೆಯದೆ, 8 ಗಂಟೆಯಂತೆ ಕೆಲಸ ಮಾಡಿದ ಎನ್ನಿ. SUM ಹಾಕಿದರೆ 16:00 ಕಾಣಿಸಬಹುದು. ಗಾಬರಿ ಬೇಡ, ಒಳಗೆ 208 ಗಂಟೆ ಸರಿಯಾಗಿಯೇ ಇದೆ. h:mm ಫಾರ್ಮ್ಯಾಟ್ ಪೂರ್ತಿ ದಿನಗಳನ್ನು ನುಂಗಿ ಉಳಿದದ್ದನ್ನಷ್ಟೇ ತೋರಿಸುತ್ತಿದೆ. ಆ ಮನೆಗೆ [h]:mm ಫಾರ್ಮ್ಯಾಟ್ ಕೊಡಿ, 208:00 ಬರುತ್ತದೆ. ಇದನ್ನು ನೇರವಾಗಿ ದರಕ್ಕೆ ಗುಣಿಸಬೇಡಿ. ಗಂಟೆಗೆ 90 ರೂಪಾಯಿ ಇದ್ದರೆ 780 ರೂಪಾಯಿ ಬರುತ್ತದೆ, ಯಾಕೆಂದರೆ ಒಳಗಿರುವುದು 8.67 ದಿನ. 24ರಿಂದ ಗುಣಿಸಿದ ಮೇಲೆ 18,720:

```
=ROUND(SUM(D2:D27)*24,2)*90
```

ROUND ಬೇಕೇ ಎಂದರೆ, ದಶಮಾಂಶದ ಕೊನೆಯ ಅಂಕೆಗಳಲ್ಲಿ ಸಣ್ಣ ಕಸ ಉಳಿಯಬಹುದು. ಮುಖ್ಯವಾಗಿ 8 ಗಂಟೆಗಿಂತ ಹೆಚ್ಚಾಯಿತೇ ಎಂದು ಓವರ್‌ಟೈಮ್ ಪರೀಕ್ಷಿಸುವಾಗ ಅದು ಕಾಡುತ್ತದೆ.

ಸಾಲಿಗೆ ಯಾವ ತಾರೀಕು ಹಾಕಬೇಕು ಎಂಬ ಜಗಳವೂ ಬರುತ್ತದೆ. ಪಾಳಿ ಶುರುವಾದ ದಿನದ್ದೇ ಹಾಕಿ. 1948ರ ಕಾರ್ಖಾನೆಗಳ ಕಾಯಿದೆಯ 57ನೇ ಕಲಂ ಕೂಡ ಮಧ್ಯರಾತ್ರಿಯ ಆಚೆಗಿನ ಗಂಟೆಗಳನ್ನು ಹಿಂದಿನ ದಿನಕ್ಕೇ ಸೇರಿಸಿ ಎಣಿಸುತ್ತಿತ್ತು. ತಿಂಗಳ ಕೊನೆಯ ರಾತ್ರಿ ಎರಡು ತಿಂಗಳಿಗೆ ಹಂಚಿಹೋಗುವ ಪಜೀತಿ ಇದರಿಂದ ತಪ್ಪುತ್ತದೆ.

MOD ಕೈಯಲ್ಲಿ ಆಗದ್ದು ಒಂದಿದೆ. ಬದಲಿ ಗಾರ್ಡ್ ಬರಲಿಲ್ಲ ಎಂದು ಒಬ್ಬನೇ ಶನಿವಾರ ಸಂಜೆ 6ರಿಂದ ಭಾನುವಾರ ರಾತ್ರಿ 8ರವರೆಗೆ ನಿಂತ ಅನ್ನಿ. ಅದು 26 ಗಂಟೆ, MOD ಹೇಳುವುದು 2. ಪೂರ್ತಿ ದಿನವನ್ನು ಎಸೆಯುವುದೇ ಅದರ ಕೆಲಸವಲ್ಲವೇ. ಸರಿಯಾಗಿ 24 ಗಂಟೆ ನಿಂತವನಿಗಂತೂ ಸೊನ್ನೆ. ನಿಮ್ಮಲ್ಲಿ ಇಂಥ ಡಬಲ್ ಡ್ಯೂಟಿ ಇದ್ದರೆ ಇನ್, ಔಟ್ ಎರಡರಲ್ಲೂ ತಾರೀಕು ಸಮೇತ ಸಮಯ ಬರೆಯಿರಿ, Data Validation ಮಿತಿಯನ್ನು ತೆಗೆಯಿರಿ, MOD ಬಿಟ್ಟು ಬರೀ B2-A2 ಮಾಡಿ. ಆಗ D ಕಾಲಮ್‌ಗೂ [h]:mm ಫಾರ್ಮ್ಯಾಟೇ ಬೇಕು, ಇಲ್ಲದಿದ್ದರೆ ಅದೇ 26 ಮತ್ತೆ 2 ಆಗಿ ಕಾಣುತ್ತದೆ.